ವೈಟ್ ಬೋರ್ಡ್ ಕಾರು, ಹಂಚಿಕೊಂಡ ಪೆಟ್ರೋಲು, ಪಾಲಿಸಿಯ ಒಂದು ಸಾಲು

ಸ್ವಂತ ಕಾರಿನಲ್ಲಿ ಆಫೀಸಿಗೆ ಹೋಗುವವರು ದಾರಿಯಲ್ಲಿ ಮೂವರನ್ನು ಹತ್ತಿಸಿಕೊಂಡು ಖರ್ಚು ಹಂಚಿಕೊಂಡರೆ ತಪ್ಪೇ? 2023ರ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆ ಸಂಘಟನೆಗಳು ಬೆಂಗಳೂರಿನಲ್ಲಿ ಬಂದ್ ನಡೆಸಿದ ಮೇಲೆ ಈ ಪ್ರಶ್ನೆ ಬೀದಿಗೆ ಬಂತು. ಇದ್ಯಾವುದನ್ನೂ ಕಟ್ಟದ ವೈಟ್ ಬೋರ್ಡ್ ಕಾರುಗಳು ಬಾಡಿಗೆಗೆ ಓಡುತ್ತಿವೆ ಎಂಬ, ತೆರಿಗೆ, ಪರ್ಮಿಟ್, ಎಫ್‌ಸಿ ಎಲ್ಲಕ್ಕೂ ದುಡ್ಡು ಕಟ್ಟಿ ಯೆಲ್ಲೋ ಬೋರ್ಡ್ ಓಡಿಸುವ ಚಾಲಕರ ದೂರು ಸುಳ್ಳಾಗಿರಲಿಲ್ಲ. ಕೆಲವೇ ದಿನಗಳಲ್ಲಿ ‘ಕಾರ್‌ಪೂಲ್ ನಿಷೇಧ’ ಎಂಬ ಸುದ್ದಿ ಹಬ್ಬಿತು. ಕಾರ್‌ಪೂಲ್ ನಿಷೇಧಿಸಿಲ್ಲ, ಅನುಮತಿಯಿಲ್ಲದೆ ವೈಟ್ ಬೋರ್ಡ್ ಕಾರನ್ನು ವಾಣಿಜ್ಯಕ್ಕೆ ಬಳಸುವಂತಿಲ್ಲ ಎಂದು ಸಾರಿಗೆ ಸಚಿವರು ಸ್ಪಷ್ಟನೆ ಕೊಟ್ಟರು. ಆದರೆ ಹಂಚಿಕೆ ಎಲ್ಲಿ ಮುಗಿದು ವಾಣಿಜ್ಯ ಎಲ್ಲಿ ಶುರುವಾಗುತ್ತದೆ ಎಂಬುದು ಹಾಗೇ ಉಳಿಯಿತು.

ಗಂಟಿನ ಬೇರು ಬಹಳ ಹಳೆಯದು. ‘ಬಾಡಿಗೆ ಅಥವಾ ಪ್ರತಿಫಲಕ್ಕಾಗಿ’ ಜನರನ್ನು ಸಾಗಿಸುವ ವಾಹನ ಸಾರ್ವಜನಿಕ ಸೇವಾ ವಾಹನ ಎಂಬ ಮಾತು 1939ರ ಮೋಟಾರು ವಾಹನ ಕಾಯ್ದೆಯಲ್ಲಿತ್ತು, 1988ರ ಕಾಯ್ದೆಗೂ ದಾಟಿ ಬಂತು. ಅಂಥ ವಾಹನಕ್ಕೆ 66ನೇ ಕಲಂ ಪ್ರಕಾರ ಪರ್ಮಿಟ್ ಬೇಕು. ಪರ್ಮಿಟ್ ಇಲ್ಲದೆ ಓಡಿಸಿದರೆ 192ಎ ಕಲಮಿನಡಿ ದಂಡ. 2019ರ ತಿದ್ದುಪಡಿಯ ನಂತರ ಅದು ₹10,000, ಜೊತೆಗೆ ಜೈಲಿಗೂ ಅವಕಾಶವಿದೆ. ಕಾನೂನಿನಲ್ಲಿ ‘ಪ್ರತಿಫಲ’ ಎಂಬ ಪದವಿದೆ, ‘ಲಾಭ’ ಎಂಬ ಪದವಿಲ್ಲ. ಎಂಬತ್ತು ರೂಪಾಯಿ ಪೆಟ್ರೋಲ್ ಪಾಲೂ ಪ್ರತಿಫಲವೇ ಎಂದು ಕೇಳಿದರೆ ಕಾಯ್ದೆಯಲ್ಲಿ ಉತ್ತರ ಸಿಗುವುದಿಲ್ಲ. ಬ್ರಿಟನ್ನಿನ 1988ರ ರಸ್ತೆ ಸಂಚಾರ ಕಾಯ್ದೆ ಇದಕ್ಕೆ ಪ್ರತ್ಯೇಕ ಕಲಮನ್ನೇ ಇಟ್ಟುಕೊಂಡಿದೆ. ಎಲ್ಲರಿಂದ ಪಡೆದ ಹಣ ಕಾರಿನ ಓಡಾಟದ ಖರ್ಚನ್ನು ಮೀರದಿದ್ದರೆ, ಹೊರಡುವ ಮೊದಲೇ ಮಾತಾಗಿದ್ದರೆ, ವಿಮೆಯ ಮಟ್ಟಿಗೆ ಅದು ಬಾಡಿಗೆಯಲ್ಲ. ನಮ್ಮ ಕಾಯ್ದೆಯಲ್ಲಿ ಅಂಥ ಗೆರೆಯಿಲ್ಲ.

2020ರ ನವೆಂಬರ್‌ನಲ್ಲಿ ಆಪ್ ಮೂಲಕ ಪ್ರಯಾಣ ಒದಗಿಸುವ ಕಂಪನಿಗಳಿಗಾಗಿ ಕೇಂದ್ರ ಹೊರಡಿಸಿದ ಅಗ್ರಿಗೇಟರ್ ಮಾರ್ಗಸೂಚಿ ಗೆರೆ ಎಳೆಯುವುದಕ್ಕೆ ಹತ್ತಿರ ಬಂದಿತ್ತು. ರಾಜ್ಯ ಸರ್ಕಾರ ಬೇಡವೆನ್ನದಿದ್ದರೆ ಖಾಸಗಿ ಕಾರಿನಲ್ಲಿ ಹಂಚಿಕೆ ಪ್ರಯಾಣ ಮಾಡಬಹುದು, ನಗರದೊಳಗೆ ದಿನಕ್ಕೆ ನಾಲ್ಕು ಟ್ರಿಪ್, ಊರಿಂದೂರಿಗೆ ವಾರಕ್ಕೆ ಎರಡು, ಜೊತೆಯಲ್ಲಿ ಬರುವವರಿಗೆ ಕನಿಷ್ಠ ₹5 ಲಕ್ಷದ ವಿಮೆ ಎಂದು ಅದು ಹೇಳಿತು. ಆದರೆ ಅದು ಮಾರ್ಗಸೂಚಿ. ರಾಜ್ಯ ತನ್ನ ನಿಯಮವಾಗಿ ತಂದಾಗಲೇ ಅದಕ್ಕೆ ಬಲ ಬರುತ್ತಿತ್ತು. ಅಷ್ಟರೊಳಗೆ ಆಪ್‌ಗಳು ಬೆಳೆದಿದ್ದವು, ಹೊರವರ್ತುಲ ರಸ್ತೆಯ ಟ್ರಾಫಿಕ್ಕೂ ಬೆಳೆದಿತ್ತು.

ದಂಡದ ಭಯಕ್ಕಿಂತ ದೊಡ್ಡ ಅಪಾಯ ಪಾಲಿಸಿಯೊಳಗಿದೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಭಾಗವಿರುತ್ತದೆ. ಬಾಡಿಗೆ ಅಥವಾ ಪ್ರತಿಫಲ, ಸರಕು ಸಾಗಣೆ, ರೇಸು ಇವಕ್ಕೆ ಬಳಸುವಂತಿಲ್ಲ ಎಂದು ಅಲ್ಲಿ ಬರೆದಿರುತ್ತದೆ. ಇನ್ನೊಂದು ಸಾಲು ಹೊಣೆಗಾರಿಕೆಯ ಭಾಗದಲ್ಲಿ ಅಡಗಿದೆ: ಕಾರಿನಲ್ಲಿ ಕುಳಿತವರ ಸಾವು-ನೋವಿಗೂ, ಸ್ವಂತ ಕಾರಿನ ಹಾನಿಯನ್ನೂ ಒಳಗೊಂಡ ಪ್ಯಾಕೇಜ್ ಪಾಲಿಸಿ ಹೊಣೆ, ಆದರೆ ಅವರನ್ನು ಬಾಡಿಗೆಗೆ ಕರೆದೊಯ್ಯುತ್ತಿರಬಾರದು. ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ಪುಕ್ಕಟೆಯಾಗಿ ಕುಳಿತವರಿಗೂ ರಕ್ಷಣೆಯಿಲ್ಲ ಎಂದು 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮಾಲೀಕ-ಚಾಲಕನ ₹15 ಲಕ್ಷದ ಅಪಘಾತ ವಿಮೆ ಅವನೊಬ್ಬನಿಗೆ ಮಾತ್ರ, ಪಕ್ಕದ ಸೀಟಿನವರಿಗಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೆಂಗೇರಿಯಿಂದ ವೈಟ್‌ಫೀಲ್ಡ್ ಸುಮಾರು 35 ಕಿ.ಮೀ. ಟ್ರಾಫಿಕ್ಕಿನಲ್ಲಿ ಲೀಟರಿಗೆ 14 ಕಿ.ಮೀ. ಕೊಡುವ ಕಾರಿಗೆ ಎರಡೂವರೆ ಲೀಟರ್ ಪೆಟ್ರೋಲ್ ಬೇಕು, ಅಂದರೆ ಹೆಚ್ಚುಕಡಿಮೆ ₹250. ಮೂವರು ತಲಾ ₹60 ಕೊಟ್ಟರೆ ₹180. ಮಾಲೀಕನ ಪಾಲೂ ಸೇರಿಯೇ ಖರ್ಚು ತುಂಬುತ್ತದೆ. ತಲಾ ₹150 ಪಡೆದರೆ ₹450, ಅದು ಗಳಿಕೆ. ಮಾರತಹಳ್ಳಿ ಬಳಿ ಕಾರು ಬೈಕಿಗೆ ಗುದ್ದಿ ಡಿವೈಡರಿಗೆ ಬಡಿಯಿತು ಎಂದುಕೊಳ್ಳಿ. ಈಗ ಮೂರು ಲೆಕ್ಕಗಳು ಬೇರೆಬೇರೆ ಕಡೆ ಹೋಗುತ್ತವೆ.

ಬೈಕ್ ಸವಾರ ಮೂರನೆಯವ. ಪಾಲಿಸಿಯ ಷರತ್ತು ಮುರಿದಿದ್ದರೂ ಅವನಿಗೆ ಮೊದಲು ವಿಮಾ ಕಂಪನಿ ಪರಿಹಾರ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಮಂಡಳಿಗಳು ಸಾಮಾನ್ಯವಾಗಿ ಆದೇಶಿಸುತ್ತವೆ. ಗಾಯಾಳುವಿಗೆ ಇದು ನೆಮ್ಮದಿ. ಮಾಲೀಕನಿಗೆ ಮಾತ್ರ ವರ್ಷಗಳ ನಂತರ ಲಕ್ಷಗಟ್ಟಲೆ ಮೊತ್ತದ ವಸೂಲಿ ನೋಟಿಸ್ ಬರಬಹುದು. ಕಾರಿನೊಳಗೆ ಗಾಯಗೊಂಡವರ ವಿಷಯದಲ್ಲಿ ‘ಬಾಡಿಗೆಗೆ ಕುಳಿತವರು’ ಎಂಬ ತಕರಾರು ಎದ್ದೇ ಏಳುತ್ತದೆ. ಮೂರನೆಯದು ಸ್ವಂತ ಕಾರಿನ ರಿಪೇರಿ, ಎರಡು ಲಕ್ಷ ಎಂದಿಟ್ಟುಕೊಳ್ಳಿ. ಕಂಪನಿ ಪೂರ್ತಿ ತಿರಸ್ಕರಿಸಬಹುದು. 2008 ಮತ್ತು 2010ರ ಎರಡು ತೀರ್ಪುಗಳಲ್ಲಿ ಸುಪ್ರೀಂ ಕೋರ್ಟ್ ಇಂಥ ಕ್ಲೇಮುಗಳನ್ನು ಸಾರಾಸಗಟಾಗಿ ತಳ್ಳಿಹಾಕಬಾರದು ಎಂದು ಹೇಳಿ, ‘ನಾನ್-ಸ್ಟ್ಯಾಂಡರ್ಡ್’ ಆಧಾರದಲ್ಲಿ, ಅಂದರೆ ಷರತ್ತು ಮುರಿದಿದ್ದಕ್ಕೆ ಒಂದಿಷ್ಟು ಕಡಿತ ಮಾಡಿ, ಶೇ 75ರವರೆಗೆ ಪಾವತಿಸುವ ದಾರಿ ತೋರಿಸಿದೆ. 2008ರದ್ದು ಟ್ಯಾಕ್ಸಿಯಾಗಿ ಓಡುತ್ತಿದ್ದ ಖಾಸಗಿ ವಾಹನ ಕಳವಾದ ಪ್ರಕರಣ. ನಮ್ಮ ಉದಾಹರಣೆಗೆ ಅದು ಹೆಚ್ಚೆಂದರೆ ಒಂದೂವರೆ ಲಕ್ಷ, ಅದಕ್ಕೂ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಬೇಕಾಗಬಹುದು.

ಕಂಪನಿಗೆ ಗೊತ್ತಾಗುವುದಾದರೂ ಹೇಗೆ? ಆಸ್ಪತ್ರೆಯಲ್ಲಿ ಬರೆಸಿದ ಮೊದಲ ಹೇಳಿಕೆ, ಎಫ್‌ಐಆರ್‌ನಲ್ಲಿ ‘ಆಪ್‌ನಲ್ಲಿ ಬುಕ್ ಮಾಡಿ ಬಂದೆ’ ಎಂಬ ಸಾಲು, ಫೋನಿನಲ್ಲಿರುವ ಯುಪಿಐ ಪಾವತಿ: ತನಿಖೆಗೆ ಬಂದವರಿಗೆ ಇಷ್ಟು ಸಾಕು. ಮುಚ್ಚಿಟ್ಟು ‘ಸ್ನೇಹಿತರು’ ಎಂದು ಕ್ಲೇಮ್ ಫಾರಂನಲ್ಲಿ ಬರೆದರೆ ಸುಳ್ಳು ಹೇಳಿಕೆಯೂ ಸೇರಿ ಶೇ 75ರ ವಾದವೂ ಸಡಿಲವಾಗುತ್ತದೆ.

ಕಾರನ್ನೇ ಇನ್ನೊಬ್ಬರ ಕೈಗೆ ಬಾಡಿಗೆಗೆ ಕೊಡುವುದು ಇದಕ್ಕಿಂತ ಕಠಿಣ ವಿಷಯ. ಅಲ್ಲಿ ಖರ್ಚು ಹಂಚಿಕೆಯ ವಾದಕ್ಕೆ ಜಾಗವೇ ಇಲ್ಲ. 1989ರ ರೆಂಟ್-ಎ-ಕ್ಯಾಬ್ ಯೋಜನೆ ಕನಿಷ್ಠ 50 ಕಾರಿರುವವರಿಗೆ ಮಾತ್ರ ಪರವಾನಗಿ ಕೊಡುತ್ತದೆ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ಕಾರುಗಳು ಆ ಬಗೆಯವು. ಒಂದೇ ಕಾರಿನ ಮಾಲೀಕ ಈ ಚೌಕಟ್ಟಿಗೆ ಹೊಂದುವುದಿಲ್ಲ. ಬಾಡಿಗೆಗೆ ಒಯ್ದವರು ಕಾರು ಹಿಂದಿರುಗಿಸದಿದ್ದರೆ ಇನ್ನೊಂದು ತೊಡಕು. ಪಾಲಿಸಿ ರಕ್ಷಿಸುವುದು ಕಳ್ಳತನದಿಂದ. ನೀವೇ ಕೀ ಕೊಟ್ಟ ಕಾರು ಮರಳಿ ಬಾರದಿದ್ದರೆ ಪೊಲೀಸರು ಅದನ್ನು ನಂಬಿಕೆ ದ್ರೋಹ ಎಂದು ಬರೆದುಕೊಳ್ಳುತ್ತಾರೆ, ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 316ನೇ ಕಲಂ. ಕಳ್ಳತನ 303. ಎಫ್‌ಐಆರ್‌ನಲ್ಲಿ ಯಾವ ಕಲಂ ಇದೆ ಎಂಬುದೇ ಕ್ಲೇಮಿನ ಹಣೆಬರಹ ಬರೆಯಬಹುದು. ಆಪ್‌ಗಳು ಕೊಡುವ ‘ಪ್ರೊಟೆಕ್ಷನ್ ಪ್ಲಾನ್’ ಎಷ್ಟೋ ಸಲ ಕಂಪನಿಯ ಒಪ್ಪಂದ, ವಿಮೆಯಲ್ಲ. ವಿಮಾ ಕಂಪನಿಯ ಹೆಸರು, ಪಾಲಿಸಿ ನಂಬರ್, ನಿಮ್ಮ ಕಾರಿನ ನೋಂದಣಿ ಸಂಖ್ಯೆ ಮೂರೂ ಒಂದೇ ಕಾಗದದಲ್ಲಿ ಇದ್ದರೆ ಮಾತ್ರ ಅದನ್ನು ವಿಮೆ ಎಂದು ಎಣಿಸಬೇಕು.

ನೇರ ದಾರಿ ಯೆಲ್ಲೋ ಬೋರ್ಡ್. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ, ಆರ್‌ಟಿಓದಲ್ಲಿ ಆರ್‌ಸಿ ಬದಲಾವಣೆ, ವೇಗ ಮಿತಿ ಸಾಧನ, ಎಫ್‌ಸಿ, ಪರ್ಮಿಟ್, ಹೊಸ ಪಾಲಿಸಿ ಎಲ್ಲವೂ ಬೇಕು. 1000ರಿಂದ 1500 ಸಿಸಿಯ ಖಾಸಗಿ ಕಾರಿನ ವಾರ್ಷಿಕ ಥರ್ಡ್ ಪಾರ್ಟಿ ಪ್ರೀಮಿಯಂ 2022ರ ದರಪಟ್ಟಿಯಲ್ಲಿ ₹3,416. ಅದೇ ಕಾರು ಟ್ಯಾಕ್ಸಿಯಾದರೆ ₹7,940, ಮೇಲೆ ಪ್ರತಿ ಪ್ರಯಾಣಿಕನಿಗೆ ₹978. ನಾಲ್ವರಿಗೆ ಒಟ್ಟು ₹11,852, ಜಿಎಸ್‌ಟಿ ಬೇರೆ. ಇಡೀ ದಿನ ಓಡಿಸುವವರಿಗೆ ಇದು ದಕ್ಕುವ ಲೆಕ್ಕ. ದಿನಕ್ಕೆ ಎರಡು ಟ್ರಿಪ್ ಆಫೀಸಿನ ದಾರಿಯಲ್ಲಷ್ಟೇ ಹಂಚಿಕೊಳ್ಳುವವರನ್ನು ಅದಕ್ಕೇ ತಳ್ಳುವುದು ನ್ಯಾಯವಲ್ಲ.

ಅಂಥವರು ಸದ್ಯ ಮಾಡಬಹುದಾದದ್ದು ಇಷ್ಟು. ಪ್ಯಾಕೇಜ್ ಪಾಲಿಸಿ ಇರಲಿ. ಎಲ್ಲರಿಂದ ಪಡೆಯುವ ಮೊತ್ತ ಇಂಧನ ಮತ್ತು ಟೋಲ್ ಮೀರದಿರಲಿ, ತಿಂಗಳ ಲೆಕ್ಕ ಬರೆದಿಟ್ಟಿರಲಿ. ಮಾಲೀಕ ತಾನು ಹೇಗೂ ಹೋಗುವ ದಾರಿ ಮತ್ತು ಹೊತ್ತಿನಲ್ಲೇ ಕಾರು ಓಡಲಿ. ಮುಂದಿನ ನವೀಕರಣಕ್ಕೆ ಮೊದಲು ವಿಮಾ ಕಂಪನಿಗೆ ಇಮೇಲ್ ಬರೆದು ಒಂದೇ ಪ್ರಶ್ನೆ ಕೇಳಬೇಕು: ‘ಸಹೋದ್ಯೋಗಿಗಳಿಂದ ಇಂಧನದ ಪಾಲು ಪಡೆದು ಅವರನ್ನು ಕರೆದೊಯ್ದರೆ ನನ್ನ ಪಾಲಿಸಿಯ ಬಳಕೆಯ ಮಿತಿ ಮೀರಿದಂತಾಗುತ್ತದೆಯೇ?’ ಏಜೆಂಟ್ ಫೋನಿನಲ್ಲಿ ‘ಏನೂ ಆಗಲ್ಲ ಬಿಡಿ ಸಾರ್’ ಎಂದರೆ ಅದು ಉತ್ತರವಲ್ಲ. ಕಂಪನಿಯ ಐಡಿಯಿಂದ ಬಂದ ಬರಹದ ಉತ್ತರವನ್ನು ಪಾಲಿಸಿಯ ಜೊತೆಗೇ ಇಟ್ಟುಕೊಳ್ಳಬೇಕು.