ಏಳನೇ ಸಾಲಿನ ಕಾಲಾಳು ರಾಣಿಗೆ ಸಿಗ್ತದಾ?

ಗದಗದಲ್ಲಿ ಒಂದು ಟೂರ್ನಿಯಲ್ಲಿ ಗೆಲ್ಲೋ ಆಟ ಡ್ರಾ ಮಾಡಿಕೊಂಡಿದ್ದೆ. ನನ್ನ ಹತ್ತಿರ ಕರಿ ರಾಣಿ ಇತ್ತು, ನನ್ನ ರಾಜ ದೂರ b3ಯಲ್ಲಿದ್ದ. ಎದುರಾಳಿಗೆ ಉಳಿದಿದ್ದು f7ರ ಕಾಲಾಳು, g8ರ ರಾಜ, ಅಷ್ಟೇ. ನಾನು g6ರಿಂದ ಚೆಕ್ ಕೊಟ್ಟೆ. ಅವರು ಕಾಲಾಳು ಬಿಟ್ಟು ಸೀದಾ h8 ಮೂಲೆಗೆ ಹೋದರು. ಸಿಕ್ಕಿತಲ್ಲ ಅಂತ f7 ಹೊಡೆದೆ. ಸ್ಟೇಲ್‌ಮೇಟ್! ಪಕ್ಕದಲ್ಲಿ ನಿಂತಿದ್ದ ಹಿರಿಯರು ಆಮೇಲೆ ಹೇಳಿದರು: "ತಮ್ಮಾ, ಕಾಲಾಳು ಯಾವ ಉದ್ದ ಸಾಲಿನೊಳಗ ಐತಿ ಅಂತ ಮೊದ್ಲು ನೋಡಬೇಕಪಾ."

ಅವರ ಮಾತು ಅರ್ಥ ಆಗಬೇಕಾದರೆ ಅದೇ ಕಾಲಾಳನ್ನು d7ರಲ್ಲಿ ಇಟ್ಟು ನೋಡಿ. ಬಿಳಿ ರಾಜ f7ರಲ್ಲಿದ್ದಾನೆ, ಕರಿ ರಾಣಿ d6ಕ್ಕೆ ಬಂದು ಕಾಲಾಳಿನ ಮೇಲೆ ಕಣ್ಣಿಟ್ಟು ಕೂತಿದೆ. ಅದನ್ನು ಉಳಿಸೋಕೆ ರಾಜ e8ಕ್ಕೆ ಹೋಗಬೇಕು. ಆಗ ರಾಣಿ e6ರಿಂದ ಚೆಕ್ ಕೊಡುತ್ತದೆ. f8ಕ್ಕೆ ಹೋದರೆ ಕಾಲಾಳು ಹೋಯ್ತು, ಹಾಗಾಗಿ ರಾಜ d8ಕ್ಕೇ ಬರಬೇಕು, ಅಂದರೆ ತನ್ನ ಕಾಲಾಳಿನ ದಾರಿಗೆ ತಾನೇ ಅಡ್ಡ ನಿಲ್ಲಬೇಕು. ಕಾಲಾಳು ಅಲ್ಲೇ ಸಿಕ್ಕಿಬಿತ್ತು, ಕರಿಗೆ ಒಂದು ನಡೆ ಪುಕ್ಕಟೆ ಸಿಕ್ಕಿತು. ಆ ಒಂದು ನಡೆಯಲ್ಲಿ ಕರಿ ರಾಜ b3ಯಿಂದ b4ಕ್ಕೆ ಬರುತ್ತಾನೆ. ಬಿಳಿ ರಾಜ c7ಕ್ಕೆ ಸರಿದರೆ ರಾಣಿ e7ಕ್ಕೆ ಹೋಗಿ ಕಾಲಾಳನ್ನು ಅಲ್ಲೇ ಕಟ್ಟಿಹಾಕುತ್ತದೆ. ಅವನು c8ಕ್ಕೆ ಹೋದರೆ c5ರಿಂದ ಚೆಕ್, ರಾಜ b7, ರಾಣಿ ಮತ್ತೆ d6ಕ್ಕೆ, ರಾಜ c8, ಆಮೇಲೆ c6ರಿಂದ ಚೆಕ್. ರಾಜ ಮತ್ತೆ d8ಕ್ಕೆ, ನಮ್ಮ ರಾಜನಿಗೆ ಇನ್ನೊಂದು ಹೆಜ್ಜೆ. ಹೀಗೇ ಸುತ್ತುತ್ತಾ ಹೋದರೆ ನಮ್ಮ ರಾಜ ಹತ್ತಿರ ಬಂದುಬಿಡುತ್ತಾನೆ, ಆಮೇಲೆ ಕಾಲಾಳು ಉಳಿಯಲ್ಲ. b, e, g ಸಾಲುಗಳಲ್ಲೂ ಸಾಮಾನ್ಯವಾಗಿ ಹೀಗೇ.

f7ರಲ್ಲಿ ಯಾಕೆ ಆಗಲ್ಲ? ಎಲ್ಲಾ ನಿಂತಿರೋದು ರಾಜನನ್ನು ಕಾಲಾಳಿನ ಮುಂದೆ ತಳ್ಳೋದರ ಮೇಲೆ. ಇಲ್ಲಿ ಅವನಿಗೆ h8 ಅಂತ ಇನ್ನೊಂದು ಜಾಗ ಇದೆ. f7 ಹೊಡೆದ ರಾಣಿ g8, g7, h7 ಮೂರನ್ನೂ ಮುಚ್ಚುತ್ತದೆ, ಅವನಿಗೆ ನಡೆಯೇ ಇಲ್ಲ. ಹೊಡೆಯದೆ ಬಿಟ್ಟರೆ f8ರಲ್ಲಿ ರಾಣಿ ಹುಟ್ಟುತ್ತದೆ. c ಸಾಲಿನಲ್ಲೂ ಇದೇ ಕಥೆ, ಮೂಲೆ ಮಾತ್ರ a8.

h7ರಲ್ಲಿ ಅವರಿಗೆ ಡ್ರಾ ಇನ್ನೂ ಸುಲಭ. g ಸಾಲಿನಿಂದ ಚೆಕ್ ಕೊಟ್ಟರೆ ರಾಜ h8ಕ್ಕೆ ಹೋಗಿ ಕೂರುತ್ತಾನೆ. ಕಾಲಾಳು ನಿಂತಿತು, ಆದರೆ ರಾಜನಿಗೂ ನಡೆ ಇಲ್ಲ, ನಾವು ನಮ್ಮ ರಾಜನನ್ನು ಹೆಜ್ಜೆ ಇಡಿಸಿದರೆ ಸ್ಟೇಲ್‌ಮೇಟ್. ಪುಕ್ಕಟೆ ನಡೆ ಸಿಗೋದೇ ಇಲ್ಲ.

ಆದರೆ ಇದೆಲ್ಲಾ ನಮ್ಮ ರಾಜ ದೂರ ಇದ್ದಾಗಿನ ಮಾತು. ಅವರ ರಾಜ g8ರಲ್ಲಿ, ಕಾಲಾಳು h7ರಲ್ಲಿ, ನಮ್ಮ ರಾಜ e6ರಲ್ಲಿ, ರಾಣಿ f2ರಲ್ಲಿ ಇದ್ದರೆ, ಅವರು h8ರಲ್ಲಿ ರಾಣಿ ಮಾಡಿಕೊಳ್ಳಲಿ ಬಿಡಿ. ನಮ್ಮ ರಾಣಿ f7ಕ್ಕೆ ಬಂದರೆ ಮೇಟ್, ಹೊಸ ರಾಣಿಯೇ ಅವರ ರಾಜನ ಮೂಲೆ ಮುಚ್ಚಿರುತ್ತದೆ. ಈಗ ಹುಬ್ಬಳ್ಳಿಯಲ್ಲಿ ಗೆಳೆಯರ ಜೊತೆ ಆಡುವಾಗ ಕೊನೆಗೆ ಹೀಗೆ ಉಳಿದರೆ, ಮೊದಲು ಸಾಲು ನೋಡುತ್ತೇನೆ, ಆಮೇಲೆ ನನ್ನ ರಾಜ ಎಷ್ಟು ಹೆಜ್ಜೆ ದೂರ ಅಂತ ಎಣಿಸುತ್ತೇನೆ. ರಾಣಿ ಮುಟ್ಟೋದು ಅದಾದ ಮೇಲೆ.