ಶ್ವಾಸಕೋಶದೊಳಗಿನ ಟಿಬಿ ಗಂಟು ಒಡೆಯುವುದು ಯಾಕೆ?

ಟಿಬಿ ಇರುವವರು ಕೆಮ್ಮಿದರೆ ಎದುರಿಗಿದ್ದವರು ಹೆದರುವುದು ಕಣ್ಣಿಗೆ ಕಾಣುವ ಹನಿಗಳಿಗೆ. ಆದರೆ ಅವುಗಳಿಂದ ಅಪಾಯ ಕಡಿಮೆ. ದೊಡ್ಡ ಹನಿಗಳು ಬೇಗ ನೆಲಕ್ಕೆ ಬೀಳುತ್ತವೆ, ಇಲ್ಲವೇ ನಮ್ಮ ಮೂಗು ಗಂಟಲಿನ ಲೋಳೆಯಲ್ಲಿ ಸಿಕ್ಕಿಕೊಳ್ಳುತ್ತವೆ. ತೊಂದರೆ ಕೊಡುವುದು ಗಾಳಿಯಲ್ಲೇ ನೀರಾರಿ 1ರಿಂದ 5 ಮೈಕ್ರಾನ್‌ಗೆ ಇಳಿದ ಕಣ. ಅದರೊಳಗೆ ಇರುವುದು ಕೆಲವೇ ಬ್ಯಾಕ್ಟೀರಿಯಾ. ಗಾಳಿಯಾಡದ ಕೋಣೆಯಲ್ಲಿ ಅದು ಗಂಟೆಗಟ್ಟಲೆ ತೇಲುತ್ತಿರುತ್ತದೆ. ಅಷ್ಟು ಸಣ್ಣದಾದ್ದರಿಂದಲೇ ಎಲ್ಲೂ ಸಿಕ್ಕಿಬೀಳದೆ ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗುತ್ತದೆ.

1950ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ವೆಲ್ಸ್ ಮತ್ತು ರೈಲಿ ಎಂಬ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ನೋಡಿದರು. ಟಿಬಿ ರೋಗಿಗಳಿದ್ದ ಆರು ಹಾಸಿಗೆಯ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಎಳೆದು ಮೇಲೆ ಗಿನಿಪಿಗ್‌ಗಳ ಗೂಡಿಗೆ ಬಿಟ್ಟರು. ಆ ಪ್ರಾಣಿಗಳು ಯಾವ ರೋಗಿಯನ್ನೂ ಮುಟ್ಟಿರಲಿಲ್ಲ, ಗಾಳಿ ಉಸಿರಾಡಿದ್ದಷ್ಟೇ. ಆದರೂ ಒಂದೊಂದಾಗಿ ಅವಕ್ಕೆ ಸೋಂಕು ತಗುಲಿತು. ಅದೇ ವಾರ್ಡಿನ ಗಾಳಿಗೆ ನೇರಳಾತೀತ ಬೆಳಕು ಹಾಯಿಸಿ ಬಿಟ್ಟ ಕಡೆ ಗಿನಿಪಿಗ್‌ಗಳು ಬಚಾವಾದವು. ರೋಗಿಯ ತಟ್ಟೆ ಲೋಟ ಬೇರೆ ಇಟ್ಟು ಕಿಟಕಿ ಮುಚ್ಚುವ ಮನೆಗಳು ಈಗಲೂ ಇವೆ. ಮಾಡಬೇಕಾದದ್ದು ಅದರ ಉಲ್ಟಾ!

ಗಾಳಿಚೀಲಕ್ಕೆ ಬಂದ ಬ್ಯಾಕ್ಟೀರಿಯಾವನ್ನು ಅಲ್ಲೇ ಕಾವಲಿರುವ ಮ್ಯಾಕ್ರೋಫೇಜ್ ಎಂಬ ಕೋಶ ನುಂಗುತ್ತದೆ. ಸಾಮಾನ್ಯವಾಗಿ ನುಂಗಿದ್ದನ್ನು ಅದು ಒಂದು ಚೀಲದಲ್ಲಿಟ್ಟು, ಆ ಚೀಲಕ್ಕೆ ಜೀರ್ಣರಸ ಸೇರಿಸಿ ಕರಗಿಸಿಬಿಡುತ್ತದೆ. ಟಿಬಿ ಬ್ಯಾಕ್ಟೀರಿಯಾ ಆ ಸೇರ್ಪಡೆಯನ್ನೇ ತಡೆಯುತ್ತದೆ. ಕೊಲ್ಲಬೇಕಾದ ಕೋಶದೊಳಗೇ ಮನೆ ಮಾಡಿ, ಸುಮಾರು 20 ಗಂಟೆಗೊಮ್ಮೆ ಎರಡಾಗುತ್ತಾ ಹೋಗುತ್ತದೆ. ಇದು ತುಂಬಾ ನಿಧಾನ. ನಮ್ಮ ಕರುಳಿನ ಇ. ಕೋಲೈಗೆ ಒಳ್ಳೆಯ ಪರಿಸ್ಥಿತಿಯಲ್ಲಿ 20 ನಿಮಿಷ ಸಾಕು. ದೇಹದ ಪ್ರತಿಕ್ರಿಯೆಯೂ ತಡ. ಸುದ್ದಿ ಹತ್ತಿರದ ದುಗ್ಧರಸ ಗ್ರಂಥಿಗೆ ಮುಟ್ಟಿ, ಅಲ್ಲಿ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳು ತಯಾರಾಗಿ ಶ್ವಾಸಕೋಶಕ್ಕೆ ಬರುವಷ್ಟರಲ್ಲಿ ವಾರಗಳೇ ಕಳೆದಿರುತ್ತವೆ.

ಅವು ಬಂದ ಮೇಲೆ ಬ್ಯಾಕ್ಟೀರಿಯಾದ ಸುತ್ತ ಕೋಶಗಳ ಗಂಟು ಸರಿಯಾಗಿ ರೂಪುಗೊಳ್ಳುತ್ತದೆ. ಇದನ್ನೇ ಗ್ರಾನುಲೋಮಾ ಅನ್ನುತ್ತಾರೆ. ನಡುವೆ ಸೋಂಕು ತಗುಲಿದ ಮ್ಯಾಕ್ರೋಫೇಜ್‌ಗಳು, ಕೆಲವು ಒಂದರೊಳಗೊಂದು ಸೇರಿ ಹಲವು ನ್ಯೂಕ್ಲಿಯಸ್ ಇರುವ ದೈತ್ಯ ಕೋಶಗಳಾಗಿರುತ್ತವೆ. ಅವುಗಳ ಸುತ್ತ ಟಿ ಕೋಶಗಳು, ಹೊರಗೆ ನಾರಿನ ಪದರ. ಟಿ ಕೋಶಗಳು ಬಿಡುವ ಗಾಮಾ ಇಂಟರ್‌ಫೆರಾನ್ ಎಂಬ ಸಂಕೇತ ಪ್ರೋಟೀನ್ ಮ್ಯಾಕ್ರೋಫೇಜ್‌ಗಳಿಗೆ ಕೊಲ್ಲುವ ಶಕ್ತಿ ಕೊಡುತ್ತದೆ. ಸೋಂಕು ತಗುಲಿದ ಬಹುತೇಕ ಜನರಲ್ಲಿ ಕಥೆ ಇಲ್ಲಿಗೇ ನಿಲ್ಲುತ್ತದೆ. ಜೀವಮಾನದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ ಐದರಿಂದ ಹತ್ತು ಮಂದಿ ಮಾತ್ರ.

ಹಾಗಂತ ಗಂಟನ್ನು ಸುಮ್ನೆ ಜೈಲು ಅಂದುಕೊಳ್ಳುವ ಹಾಗಿಲ್ಲ. ವಿಜ್ಞಾನಿ ಲಲಿತಾ ರಾಮಕೃಷ್ಣನ್ ಅವರ ತಂಡ ಜೀಬ್ರಾ ಮೀನಿನ ಮರಿಗಳಿಗೆ ಟಿಬಿಯ ಹತ್ತಿರದ ಬಂಧುವಾದ ಬ್ಯಾಕ್ಟೀರಿಯಾ ಕೊಟ್ಟು ನೋಡಿತು. ಮರಿಯ ಮೈ ಪಾರದರ್ಶಕ, ಒಳಗೆ ನಡೆಯುವುದೆಲ್ಲ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಗಂಟು ಕಟ್ಟುವ ಮೊದಲ ಹಂತದಲ್ಲಿ ಹೊಸ ಮ್ಯಾಕ್ರೋಫೇಜ್‌ಗಳು ಧಾವಿಸಿ ಬಂದು ಸತ್ತ ಕೋಶಗಳನ್ನು ತಿಂದವು, ಜೊತೆಗೆ ಅದರೊಳಗಿದ್ದ ಬ್ಯಾಕ್ಟೀರಿಯಾವನ್ನೂ. ಅಂದರೆ ಬ್ಯಾಕ್ಟೀರಿಯಾಕ್ಕೆ ಹೊಸ ಮನೆಗಳು ತಾವಾಗಿಯೇ ನಡೆದು ಬಂದಂತಾಯಿತು. ಹೀಗೆ ಸೋಂಕು ತಗುಲಿದ ಕೆಲವು ಮ್ಯಾಕ್ರೋಫೇಜ್‌ಗಳು ಅಲ್ಲಿಂದ ಹೊರಟು ಬೇರೆ ಕಡೆ ಹೊಸ ಗಂಟು ಶುರುಮಾಡಿದವು. 2009ರಲ್ಲಿ ಪ್ರಕಟವಾದ ಈ ಕೆಲಸ ಅಲ್ಲಿಯವರೆಗಿನ ನಂಬಿಕೆಯನ್ನು ಅಲ್ಲಾಡಿಸಿತು.

ನನಗೆ ಇನ್ನೂ ಕುತೂಹಲ ಹುಟ್ಟಿಸುವುದು ಮುಂದಿನ ಹಂತ. ಕೆಲವು ಗಂಟುಗಳ ನಡುಭಾಗದ ಕೋಶಗಳೆಲ್ಲ ಸತ್ತು ಒಣ ಪನೀರ್ ಪುಡಿಯಂತಾಗುತ್ತವೆ. ಅಲ್ಲಿ ಆಮ್ಲಜನಕ ಕಡಿಮೆ, ಬ್ಯಾಕ್ಟೀರಿಯಾ ಬೆಳೆಯುವುದೂ ಕಡಿಮೆ. ಆದರೆ ಈ ಪುಡಿ ಕರಗಿ ನೀರಾದರೆ, ನಮ್ಮದೇ ಕೋಶಗಳು ಬಿಟ್ಟ ಕಿಣ್ವಗಳು ಸುತ್ತಲಿನ ನಾರನ್ನು ಕಡಿದು ಗಂಟು ಶ್ವಾಸನಾಳಕ್ಕೆ ಒಡೆದುಕೊಳ್ಳುತ್ತದೆ. ಆಗ ಉಳಿಯುವ ಟೊಳ್ಳು ಜಾಗವೇ ಎಕ್ಸ್‌ರೇಯಲ್ಲಿ ಕಾಣುವ ಕ್ಯಾವಿಟಿ. ಗಾಳಿ ಒಳಗೆ ಬರುತ್ತದೆ, ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಬೆಳೆಯುತ್ತದೆ, ಕೆಮ್ಮಿದರೆ ನೇರ ಹೊರಗೆ. ಅದಕ್ಕೆ ಬೇಕಾದ ದಾರಿ ಮಾಡಿಕೊಟ್ಟದ್ದು ನಮ್ಮ ರೋಗನಿರೋಧಕ ವ್ಯವಸ್ಥೆಯೇ.

ಎಚ್‌ಐವಿ ಮುಂದುವರಿದವರನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಅವರಲ್ಲಿ ಟಿ ಕೋಶ ಕಮ್ಮಿಯಾಗಿ ಗಂಟು ಸರಿಯಾಗಿ ಕಟ್ಟುವುದಿಲ್ಲ. ಟಿಬಿ ಮೈಯೆಲ್ಲ ಹರಡಬಹುದು, ಆದರೆ ಕ್ಯಾವಿಟಿ ಆಗುವುದು ಅಪರೂಪ. ಹಾಗಾಗಿ ಕಫದಲ್ಲಿ ಬ್ಯಾಕ್ಟೀರಿಯಾವೂ ಕಡಿಮೆ. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಬ್ಯಾಕ್ಟೀರಿಯಾ ಇರಬೇಕು. ರೋಗಿ ತೀರಾ ಬಳಲಿದ್ದರೂ ರಿಪೋರ್ಟ್ ನೆಗೆಟಿವ್ ಬರುವುದು ಇದಕ್ಕೇ. ಅಂಥವರಿಗೆ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಮಾಡಿಸಬೇಕು, ಅದಕ್ಕೆ ಇದಕ್ಕಿಂತ ಎಷ್ಟೋ ಕಡಿಮೆ ಬ್ಯಾಕ್ಟೀರಿಯಾ ಇದ್ದರೂ ಸಾಕು.