ಒಂದೇ ಫೋನು, ಎರಡು ರೇಟು

ದಾವಣಗೆರೆಯ ಒಂದು ಮೊಬೈಲ್ ರಿಪೇರಿ ಅಂಗಡಿಯವರು ಚಿಕ್ಕದೊಂದು ಶಾರ್ಟ್ಸ್ ವಿಡಿಯೊ ಹಾಕಿದ್ದರು. "ಡಿಸ್‌ಪ್ಲೇ ಅರ್ಧ ಗಂಟೇಲಿ, ಮೂರು ತಿಂಗಳು ವಾರಂಟಿ, ರೇಟು ಮೊದ್ಲೇ ಹೇಳ್ತೀವಿ." ಅದೇ ವಾರ ಬೆಣ್ಣೆದೋಸೆ ತಿಂದು ಹೋಟೆಲಿನ ಮೆಟ್ಟಿಲಿಳಿಯುವಾಗ ನನ್ನ ಫೋನು ಬಿದ್ದು ಅರ್ಧ ಸ್ಕ್ರೀನು ಕಪ್ಪಾಯಿತು. ಹೋದೆ.

ರೇಟನ್ನು ಮೊದಲೇ ಹೇಳಿದರು, ನಿಜ. ಆದರೆ ಎರಡು ಹೇಳಿದರು: 2,400 ಅಥವಾ 6,800. "ಕಡಿಮೆದು ಟಿಎಫ್‌ಟಿ, ಜಾಸ್ತಿದು ಅಮೋಲೆಡ್. ಎರಡೂ ಕೂರ್ತವೆ ನೋಡ್ರಿ."

ಕೂರುವುದೇನೋ ಕೂರುತ್ತವೆ. ಬೆಳಕು ಹುಟ್ಟುವ ಬಗೆ ಮಾತ್ರ ಬೇರೆ. ಅಮೋಲೆಡ್‌ನಲ್ಲಿ ಒಂದೊಂದು ಚುಕ್ಕಿಯೂ ತಾನೇ ಉರಿಯುವ ಪುಟ್ಟ ದೀಪ. ಕಪ್ಪು ಬೇಕೆಂದರೆ ಆ ಚುಕ್ಕಿ ಆರಿಬಿಡುತ್ತದೆ. ಟಿಎಫ್‌ಟಿ ಎಂದು ಅಂಗಡಿಯವರು ಕರೆಯುವುದು ಎಲ್‌ಸಿಡಿಯನ್ನು. ಅದರ ಹಿಂದೆ ಒಂದೇ ಬಿಳಿ ದೀಪ ಸದಾ ಉರಿಯುತ್ತಿರುತ್ತದೆ. ಮುಂದಿರುವ ದ್ರವಸ್ಫಟಿಕದ ಪದರ ಕಿಟಕಿಯ ಪರದೆಯ ಹಾಗೆ ಆ ಬೆಳಕನ್ನು ತಡೆಯುತ್ತದೆ, ಬಿಡುತ್ತದೆ. ಪೂರ್ತಿ ತಡೆಯಲು ಅದಕ್ಕೆ ಆಗುವುದಿಲ್ಲ. ಕತ್ತಲೆ ಕೋಣೆಯಲ್ಲಿ ಕಪ್ಪು ಚಿತ್ರವೊಂದನ್ನು ತೆರೆದರೆ ಎಲ್‌ಸಿಡಿ ಬೂದು ಬಣ್ಣಕ್ಕೆ ಮಿನುಗುತ್ತದೆ. ಅಮೋಲೆಡ್‌ನಲ್ಲಿ ಸ್ಕ್ರೀನು ಎಲ್ಲಿ ಮುಗಿಯಿತು ಎಂದೇ ಗೊತ್ತಾಗುವುದಿಲ್ಲ. ಅಗ್ಗದ್ದನ್ನು ದುಬಾರಿ ಎಂದು ಕೊಟ್ಟಿದ್ದಾರಾ ಅಂತ ತಿಳಿಯಲು ಇಷ್ಟು ಸಾಕು.

ಇನ್ನೊಂದು ಗುರುತೂ ಇದೆ. ನನ್ನ ಫೋನಿನಲ್ಲಿ ಬೆರಳಚ್ಚು ಓದುವ ಸೆನ್ಸರ್ ಸ್ಕ್ರೀನಿನ ಕೆಳಗಿದೆ. ಸ್ಕ್ರೀನು ಬೆರಳಿಗೆ ಬೆಳಕು ಚೆಲ್ಲುತ್ತದೆ, ಮರಳಿದ ಬೆಳಕು ಚುಕ್ಕಿಗಳ ಸಂದಿಯಿಂದ ನುಸುಳಿ ಸೆನ್ಸರನ್ನು ಮುಟ್ಟುತ್ತದೆ. ಅಗ್ಗದ ಎಲ್‌ಸಿಡಿಯ ಹಿಂದೆ ಬೆಳಕನ್ನು ಮುಂದಕ್ಕೆ ತಳ್ಳುವ ಹಾಳೆಗಳಿರುತ್ತವೆ, ದಾರಿ ಅಲ್ಲಿಗೇ ಬಂದ್. ಬೆರಳಿಟ್ಟು ಫೋನು ತೆರೆಯುವ ಆಸೆ ಬಿಡಬೇಕು. 2,400ರ ರೇಟಿನ ಜೊತೆ ಈ ಮಾತನ್ನೂ ಹೇಳಿದರೆ ಅದು ಪಾರದರ್ಶಕ ಬೆಲೆ. ಅಂಗಡಿಯ ಹುಡುಗ ಕೇಳದೆಯೇ ಹೇಳಿದ, ಅದು ಮೆಚ್ಚುಗೆಯಾಯಿತು. 6,800 ಕೊಟ್ಟೆ.

ಅವನು ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿದ. ಹೊಸ ಸ್ಕ್ರೀನನ್ನು ಅಂಟಿಸದೆ ಸುಮ್ನೆ ಜೋಡಿಸಿ, ಬ್ಯಾಟರಿ ಮತ್ತೆ ಸಿಕ್ಕಿಸಿ ಫೋನು ಆನ್ ಮಾಡಿ, ಒಂದು ಐಕಾನನ್ನು ಮೂಲೆಯಿಂದ ಮೂಲೆಗೆ ಎಳೆದು ನೋಡಿದ. ನಡುವೆ ಐಕಾನು ಬೆರಳಿನಿಂದ ಕಳಚಿಕೊಂಡರೆ ಅಲ್ಲಿ ಟಚ್ ಸತ್ತಿದೆ ಎಂದರ್ಥ. ಆಮೇಲೆ ಫ್ರೇಮಿನ ಹಳೇ ಗಮ್ ಕೆರೆದು, ಹೊಸ ಗಮ್ ಎಳೆದು, ಸುತ್ತ ರಬ್ಬರ್ ಬ್ಯಾಂಡ್ ಹಾಕಿದ. ಮೂವತ್ತೈದು ನಿಮಿಷ.

ಆದರೆ ಗಮ್ಮಿಗೆ ಶಾರ್ಟ್ಸ್ ವಿಡಿಯೊ ಗೊತ್ತಿಲ್ಲ ಅಲ್ವಾ? ಮೇಲೆ ಬೇಗ ಒಣಗಿದರೂ ಪೂರ್ತಿ ಗಟ್ಟಿಯಾಗಲು ಅದಕ್ಕೆ ಒಂದೆರಡು ದಿನ ಬೇಕು. ಅಷ್ಟರಲ್ಲಿ ಪ್ಯಾಂಟಿನ ಜೇಬಿಗೆ ತುರುಕಿದರೆ ಅಂಚು ಎದ್ದೀತು, ಸಂದಿಯಲ್ಲಿ ದೂಳು ಸೇರೀತು. ವಾರಂಟಿಯೂ ತಾನಾಗಿ ಬರುವ ಗೆರೆಗೆ, ಸತ್ತ ಟಚ್ಚಿಗೆ ಮಾತ್ರ. ಒಡೆದರೆ, ನೀರು ಹೋದರೆ ಇಲ್ಲ. ಒಮ್ಮೆ ಬಿಚ್ಚಿದ ಫೋನಿನ ನೀರುತಡೆಯನ್ನು ಮೊದಲಿನಷ್ಟು ನಂಬಲಾಗದು.

ಬಿಲ್ಲಿನಲ್ಲಿ ಬರೀ 'ಡಿಸ್‌ಪ್ಲೇ' ಅಂತಿತ್ತು. ಪಕ್ಕದಲ್ಲಿ 'ಅಮೋಲೆಡ್' ಎಂದು ಬರೆಸಿಕೊಂಡು, ರಬ್ಬರ್ ಬ್ಯಾಂಡ್ ಸಮೇತ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದೆ.